ಪ್ರಶ್ನಾವಳಿಯ ರಚನೆ: ಒಂದು ಅಧ್ಯಯನ

(ಅಂತಿಮ ಬಿ.ಎ. ವಿದ್ಯಾರ್ಥಿನಿಯೊಬ್ಬಳ ಲೇಖನ)

ಅಂತಿಮ ಬಿ.ಎ. ತರಗತಿಯ ಸಮಾಜಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಈ ವರ್ಷ ಒಂದು ಕ್ಷೇತ್ರಕಾರ್ಯವನ್ನು ವಹಿಸಲಾಗಿತ್ತು. ನಾನು ಆರಿಸಿಕೊಂಡದ್ದು ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದ ಪ್ರೌಢಶಾಲೆಯ ಮಕ್ಕಳನ್ನು. ಪತ್ರಿಕೆ, ರೇಡಿಯೋ, ಟೆಲಿವಿಷನ್, ಮೊಬೈಲು ಇವುಗಳ ಮೂಲಕ ತಮ್ಮ ಕಣ್ಣಿಗೂ ಕಿವಿಗೂ ಬೀಳುವ ಸುದ್ದಿಯನ್ನು ಈ ಮಕ್ಕಳು ಎಷ್ಟರಮಟ್ಟಿಗೆ ವಿವೇಚಿಸಬಲ್ಲರು ಎಂಬುದನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸುವುದು ನನ್ನ ಪಾಲಿಗೆ ಬಂದ ಕೆಲಸ. ಸಮೀಕ್ಷೆಯ ಫಲಿತಾಂಶವನ್ನು ಹೇಳುವುದು ಈ ಲೇಖನದ ಉದ್ದೇಶವಲ್ಲ. ಫಲಿತಾಂಶಕ್ಕೂ ಮೊದಲಿನ ಹಂತ, ಎಂದರೆ ಪ್ರಶ್ನೆಯ ವಾಕ್ಯವನ್ನು ಕಟ್ಟುವ ಹಂತದಲ್ಲಿ ಎದುರಾಗುವ ತೊಡಕುಗಳನ್ನೂ ಅವುಗಳನ್ನು ಬಿಡಿಸುವ ಬಗೆಯನ್ನೂ ವಾಚಕರ ಮುಂದಿಡುವುದಷ್ಟೇ ಇಲ್ಲಿನ ಯತ್ನ. ನಮ್ಮ ಪಠ್ಯಗಳಲ್ಲಿ ಈ ವಿಷಯದ ನಿಯಮಗಳೆಲ್ಲ ಇಂಗ್ಲಿಷ್ ವಾಕ್ಯಗಳನ್ನು ಆಧರಿಸಿ ಬರೆದವು. ಕನ್ನಡ ವಾಕ್ಯದ ಸ್ವಭಾವವೇ ಬೇರೆಯಾದುದರಿಂದ ಇಲ್ಲಿ ಕಾಣಿಸಿಕೊಳ್ಳುವ ದೋಷಗಳ ವೇಷವೂ ಬೇರೆ. ಈ ಅಂಶವನ್ನು ಸ್ವಲ್ಪ ವಿವರವಾಗಿ ಹೇಳಬೇಕೆಂದು ನನ್ನ ಆಸೆ.

ಸುದ್ದಿಯನ್ನು ವಿವೇಚಿಸುವ ಶಕ್ತಿಗೆ ಈಗ 'ಮಾಧ್ಯಮ ಸಾಕ್ಷರತೆ' ಎಂಬ ಹೆಸರು ರೂಢಿಯಾಗಿದೆ. 1992ರಲ್ಲಿ ಅಮೆರಿಕದ ಆಸ್ಪೆನ್ ಸಂಸ್ಥೆಯಲ್ಲಿ ಸೇರಿದ ಸಮ್ಮೇಳನವೊಂದು ಇದರಲ್ಲಿ ನಾಲ್ಕು ಸಾಮರ್ಥ್ಯಗಳನ್ನು ಗುರುತಿಸಿತು: ಸಂದೇಶವನ್ನು ಪಡೆಯುವುದು, ಬಿಡಿಸಿ ನೋಡುವುದು, ಅದರ ಬೆಲೆ ಕಟ್ಟುವುದು, ತಾನೂ ಸಂದೇಶವನ್ನು ರಚಿಸಿ ತಿಳಿಸುವುದು. ನಾಲ್ಕನ್ನೂ ಒಂದೇ ಪ್ರಶ್ನಾವಳಿಯಲ್ಲಿ ಅಳೆಯಹೊರಟರೆ ಯಾವುದೂ ನೆಟ್ಟಗೆ ಅಳತೆಗೆ ಸಿಕ್ಕದು. ಆದಕಾರಣ ನಾನು ಮೂರನೆಯದನ್ನು ಮಾತ್ರ, ಅದರಲ್ಲೂ ಮೊಬೈಲಿನಲ್ಲಿ ಕೈಯಿಂದ ಕೈಗೆ ದಾಟಿ ಬರುವ ಸಂದೇಶದ ಬೆಲೆ ಕಟ್ಟುವುದನ್ನು ಮಾತ್ರ ತೆಗೆದುಕೊಂಡೆ.

ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಗುಂಪೊಂದು 2018ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅಷ್ಟು ದೂರ ಹೋಗುವುದೂ ಬೇಡ. ಕಂಪಲಾಪುರದಲ್ಲಿ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಿದೆ. 'ನಾಳೆಯಿಂದ ಹರಾಜು ನಿಲ್ಲುತ್ತದೆ' ಎಂಬ ಒಂದು ಸಾಲು ಮೊಬೈಲಿನಲ್ಲಿ ಬಂದರೆ ಬೇಲು ಕಟ್ಟಿ ಇಟ್ಟುಕೊಂಡ ರೈತನ ಎದೆ ಹೊಡೆದುಕೊಳ್ಳುತ್ತದೆ. ಅನೇಕ ಮನೆಗಳಲ್ಲಿ ಆ ಸಾಲನ್ನು ಓದಿ ಹೇಳುವವರು ಶಾಲೆಗೆ ಹೋಗುವ ಮಕ್ಕಳೇ. ಮನೆಯ ಹಿರಿಯರಿಗೆ ಸುದ್ದಿ ತಲುಪುವುದು ಹದಿಮೂರು ಹದಿನಾಲ್ಕು ವಯಸ್ಸಿನ ಒಬ್ಬ ಹುಡುಗನ ಅಥವಾ ಹುಡುಗಿಯ ಬಾಯಿಂದ ಎಂದಮೇಲೆ, ಆ ಮಗು ಅದನ್ನು ಹೇಗೆ ತೂಗಿ ನೋಡುತ್ತದೆ ಎಂಬುದನ್ನು ಸರಿಯಾಗಿ ತಿಳಿಯುವುದು ಅವಶ್ಯ. ಪ್ರಶ್ನೆಯೇ ಉತ್ತರವನ್ನು ಹೇಳಿಕೊಟ್ಟರೆ 'ಮಕ್ಕಳೆಲ್ಲ ಬಹಳ ಜಾಣರು' ಎಂಬ ಸುಂದರವಾದ ವರದಿ ಸಿದ್ಧವಾಗುತ್ತದೆ. ತಿಳಿವಳಿಕೆ ಯಾರಿಗೆ ಬೇಕಾಗಿತ್ತೋ ಆ ಮಗು ಆ ವರದಿಯ ಹಿಂದೆ ಮರೆಯಾಗಿಬಿಡುತ್ತದೆ.

ದೋಷಗಳನ್ನು ಬೇರೆ ಬೇರೆಯಾಗಿ ಪಟ್ಟಿಮಾಡುವುದಕ್ಕಿಂತ ಒಂದೇ ವಾಕ್ಯವನ್ನು ಹಿಡಿದು ಬಿಚ್ಚಿ ನೋಡುವುದು ಒಳ್ಳೆಯದು. ಇಂಥ ಪ್ರಶ್ನಾವಳಿಗೆ ಕುಳಿತವರಿಗೆ ಸಹಜವಾಗಿ ಮೊದಲು ಹೊಳೆಯುವ ವಾಕ್ಯ ಹೀಗಿರುತ್ತದೆ:

'ವಾಟ್ಸಾಪಿನಲ್ಲಿ ಹರಡುವ ಸುಳ್ಳು ಸುದ್ದಿಗಳನ್ನು ನೀವು ಪರಿಶೀಲಿಸಿ ಬೇರೆಯವರಿಗೆ ಕಳುಹಿಸುತ್ತೀರಲ್ಲವೇ? ಹೌದು / ಇಲ್ಲ.'

ಕೇಳಲು ಇದು ಸರಳವಾಗಿದೆ. ವ್ಯಾಕರಣದ ತಪ್ಪೂ ಇಲ್ಲ. ಆದರೆ ಇದರಿಂದ ಬರುವ ಉತ್ತರ ಯಾವುದೇ ಆಗಲಿ, ಅದರಿಂದ ನಾವು ಏನನ್ನೂ ತಿಳಿಯಲಾರೆವು. ಏಕೆಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ವಾಕ್ಯದ ಬಾಲವನ್ನು ನೋಡಬೇಕು. 'ಅಲ್ಲವೇ' ಎಂಬುದು ಪ್ರಶ್ನೆಯ ರೂಪದಲ್ಲಿರುವ ಒತ್ತಾಯ. ಕೇಳುವವನು ಹೌದೆಂಬ ಉತ್ತರವನ್ನು ತಾನೇ ಕೊಟ್ಟುಕೊಂಡು, ತಲೆಯಾಡಿಸುವ ಕೆಲಸವನ್ನಷ್ಟೇ ಇನ್ನೊಬ್ಬನಿಗೆ ಬಿಡುತ್ತಾನೆ. ಪದವಿ ತರಗತಿ ಮುಟ್ಟಿದವರಲ್ಲಿ ನಮ್ಮ ಮನೆಗೆ ನಾನೇ ಮೊದಲಿನವಳು. ಆದ್ದರಿಂದ ಯಾವ ಅರ್ಜಿ ಬರಲಿ, ಯಾವ ಫಾರಂ ಬರಲಿ, ಅದನ್ನು ಓದಿ ಹೇಳಿ ಅಪ್ಪನಿಂದ ಉತ್ತರ ಪಡೆದು ತುಂಬುವುದು ಬಹಳ ದಿನಗಳಿಂದ ನನ್ನ ಪಾಲಿನ ಕೆಲಸ. ಬಂದ ಅಧಿಕಾರಿ 'ಅಲ್ವೇನಪ್ಪಾ?' ಎಂದು ಕೇಳಿದ ಯಾವ ಪ್ರಶ್ನೆಗೂ ಅಪ್ಪ 'ಇಲ್ಲ ಸ್ವಾಮಿ' ಎಂದದ್ದನ್ನು ನಾನು ಕಂಡಿಲ್ಲ. ಅದು ಅಪ್ಪನ ಅಭಿಪ್ರಾಯವಲ್ಲ, ಅಪ್ಪನ ಮರ್ಯಾದೆ. ತರಗತಿಯಲ್ಲಿ ಮೇಷ್ಟರ ಎದುರು ಕುಳಿತ ಮಗುವಿಗೆ ಈ ಮರ್ಯಾದೆ ಇನ್ನೂ ಹೆಚ್ಚು. ಹೀಗೆ ಉತ್ತರವನ್ನು ಸೂಚಿಸುವ ಪ್ರಶ್ನೆಯಿಂದ ಮಗುವಿನ ನಡತೆಯ ಅಳತೆ ಸಿಗುವುದಿಲ್ಲ, ವಿನಯದ ಅಳತೆ ಸಿಗುತ್ತದೆ.

ಬಾಲವನ್ನು ಕತ್ತರಿಸಿದ ಮಾತ್ರಕ್ಕೆ ಸೂಚನೆ ಹೋಗಲಿಲ್ಲ. 'ಸುಳ್ಳು ಸುದ್ದಿ' ಎಂಬ ಮಾತಿನಲ್ಲಿ ತೀರ್ಪು ಆಗಲೇ ಕುಳಿತಿದೆ. ಸುದ್ದಿ ಸುಳ್ಳೋ ನಿಜವೋ ಎಂಬುದನ್ನು ಮಗು ಹೇಗೆ ಕಂಡುಕೊಳ್ಳುತ್ತದೆ ಎಂಬುದೇ ನಮಗೆ ಬೇಕಾದ ವಿಷಯ. ಅದನ್ನು ನಾವೇ ಹೇಳಿಬಿಟ್ಟಮೇಲೆ ಅಳೆಯಲು ಉಳಿಯುವುದೇನು? 'ಹರಡುವ' ಎಂಬ ಪದವೂ ಅಷ್ಟೆ. ರೋಗ ಹರಡುತ್ತದೆ, ಬೆಂಕಿ ಹರಡುತ್ತದೆ. ಸುದ್ದಿಯ ಜೊತೆ ಬಂದಾಗ ಈ ಕ್ರಿಯಾಪದಕ್ಕೆ ಕೆಟ್ಟದರ ಬಣ್ಣ ಅಂಟಬಹುದು. ಒಂದು ಪದದ ಬಣ್ಣ ಉತ್ತರವನ್ನು ಎಷ್ಟು ಬದಲಿಸಬಲ್ಲದೆಂಬುದಕ್ಕೆ ಈ ಶಾಸ್ತ್ರದಲ್ಲಿ ಒಂದು ಹಳೆಯ ನಿದರ್ಶನವಿದೆ. ಅಮೆರಿಕದಲ್ಲಿ ಡೊನಾಲ್ಡ್ ರಗ್ ಎಂಬಾತ 1941ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ರಜಾಪ್ರಭುತ್ವದ ವಿರುದ್ಧ ಬಹಿರಂಗ ಭಾಷಣ ಮಾಡುವುದನ್ನು ಕುರಿತು ಒಂದು ಗುಂಪಿಗೆ 'ಅನುಮತಿ ಕೊಡಬೇಕೆ?' ಎಂದೂ, ಅದೇ ಬಗೆಯ ಇನ್ನೊಂದು ಗುಂಪಿಗೆ 'ನಿಷೇಧಿಸಬೇಕೆ?' ಎಂದೂ ಕೇಳಲಾಯಿತು. ಅನುಮತಿ ಕೊಡಬಾರದೆಂದವರು ನೂರಕ್ಕೆ 62 ಜನ. ನಿಷೇಧಿಸಬೇಕೆಂದವರು ನೂರಕ್ಕೆ 46 ಜನ ಮಾತ್ರ. ಅನುಮತಿ ಕೊಡದಿರುವುದಕ್ಕೂ ನಿಷೇಧಿಸುವುದಕ್ಕೂ ಕಾರ್ಯತಃ ವ್ಯತ್ಯಾಸವಿಲ್ಲ. ಆದರೂ 'ನಿಷೇಧ' ಎಂಬ ಪದದ ಕಾಠಿಣ್ಯಕ್ಕೆ ಜನ ಹಿಂಜರಿದರು. ನಮ್ಮಲ್ಲಿ 'ಶಾಲೆಗೆ ಮೊಬೈಲು ತರುವುದನ್ನು ನಿಷೇಧಿಸಬೇಕೆ?' ಎಂದು ಕೇಳುವುದಕ್ಕೂ 'ತರಲು ಬಿಡಬೇಕೆ?' ಎಂದು ಕೇಳುವುದಕ್ಕೂ ಇದೇ ಅಂತರ ಬಂದರೆ ಆಶ್ಚರ್ಯವಿಲ್ಲ.

ಇನ್ನು ವಾಕ್ಯದ ನಡುವಿಗೆ ಬರೋಣ. ನಿಜವಾದ ಗಂಟು ಇರುವುದು ಇಲ್ಲಿಯೇ. ಎರಡು ವಿಷಯಗಳನ್ನು ಒಂದೇ ಉಸಿರಿನಲ್ಲಿ ಕೇಳಿ ಒಂದೇ ಉತ್ತರವನ್ನು ಬೇಡುವ ಪ್ರಶ್ನೆಯನ್ನು ಜೋಡಿ ಪ್ರಶ್ನೆ ಎನ್ನೋಣ. ಇದನ್ನು ಗುರುತಿಸಲು ಇಂಗ್ಲಿಷ್ ಪುಸ್ತಕಗಳು ಹೇಳುವ ಉಪಾಯ ಸುಲಭವಾದುದು: 'ಮತ್ತು', 'ಅಥವಾ' ಎಂಬ ಪದಗಳಿರುವ ಪ್ರಶ್ನೆಗಳನ್ನು ಹುಡುಕಿ ಎಂಬುದೇ ಆ ಉಪಾಯ. ಮೇಲಿನ ಕನ್ನಡ ವಾಕ್ಯದಲ್ಲಿ 'ಮತ್ತು' ಇಲ್ಲ, 'ಅಥವಾ' ಇಲ್ಲ. ಆದರೂ ಅದು ಜೋಡಿ ಪ್ರಶ್ನೆಯೇ. 'ಪರಿಶೀಲಿಸಿ ಕಳುಹಿಸುತ್ತೀರಾ' ಎಂಬಲ್ಲಿ 'ಪರಿಶೀಲಿಸಿ' ಎಂಬ ಕೃದಂತಾವ್ಯಯ ಒಂದು ಇಡೀ ಕ್ರಿಯೆಯನ್ನು ಸದ್ದಿಲ್ಲದೆ ಒಳಗೆ ತಂದಿದೆ. ಹೀಗೆ ಒಂದರ ಹಿಂದೊಂದು ಕ್ರಿಯೆಗಳನ್ನು ಪೋಣಿಸುವುದು ನಮ್ಮ ಭಾಷೆಯ ಸಹಜವಾದ ನಡೆ: ಎದ್ದು, ಮುಖ ತೊಳೆದು, ಊಟಮಾಡಿ, ಶಾಲೆಗೆ ಹೋದನು. ಮಾತಿಗೆ ಇದು ಸೊಗಸು. ಪ್ರಶ್ನೆಗೆ ಇದು ಅಪಾಯ.

ಅಪಾಯವೇನೆಂಬುದನ್ನು ನೋಡಲು ಆ ಪ್ರಶ್ನೆಗೆ 'ಇಲ್ಲ' ಎಂದು ಗುರುತು ಹಾಕಿದ ನಾಲ್ಕು ಮಕ್ಕಳನ್ನು ಕಲ್ಪಿಸಿಕೊಳ್ಳಿ. ಒಬ್ಬನು ಬಂದದ್ದನ್ನೆಲ್ಲ ಪರಿಶೀಲಿಸದೆಯೇ ಕಳುಹಿಸುತ್ತಾನೆ. ಎರಡನೆಯವಳು ಪರಿಶೀಲಿಸುತ್ತಾಳೆ, ಆದರೆ ಯಾರಿಗೂ ಏನನ್ನೂ ಕಳುಹಿಸುವ ಅಭ್ಯಾಸ ಅವಳಿಗಿಲ್ಲ. ಮೂರನೆಯವನು ನೋಡಿ ಸುಮ್ಮನಾಗುತ್ತಾನೆ. ಪರಿಶೀಲನೆಯೂ ಇಲ್ಲ, ಕಳುಹಿಸುವುದೂ ಇಲ್ಲ. ನಾಲ್ಕನೆಯವಳ ಮನೆಯಲ್ಲಿ ಇರುವುದು ಗುಂಡಿಯೊತ್ತುವ ಹಳೆಯ ಫೋನು, ಅದರಲ್ಲಿ ವಾಟ್ಸಾಪೇ ಇಲ್ಲ. ಇವರಲ್ಲಿ ಮೊದಲನೆಯವನಿಗೂ ಎರಡನೆಯವಳಿಗೂ ಅಜಗಜಾಂತರ. ಆದರೆ ನಮ್ಮ ಕಾಗದದ ಮೇಲೆ ನಾಲ್ವರೂ ಒಂದೇ: 'ಇಲ್ಲ'. 'ಹೌದು' ಎಂದವರ ಗತಿಯೂ ಇಷ್ಟೆ. ಅವರು ಒಪ್ಪಿದ್ದು ಪರಿಶೀಲನೆಯನ್ನೋ ಕಳುಹಿಸುವುದನ್ನೋ ಎಂಬುದನ್ನು ನಾವು ಎಂದಿಗೂ ತಿಳಿಯಲಾರೆವು. ಆದ್ದರಿಂದ ಕನ್ನಡದಲ್ಲಿ ಜೋಡಿ ಪ್ರಶ್ನೆಯನ್ನು ಹುಡುಕುವವರು 'ಮತ್ತು' ಎಂಬ ಪದವನ್ನಲ್ಲ, ಕ್ರಿಯೆಗಳನ್ನು ಎಣಿಸಬೇಕು. 'ಓದಿ ನಂಬುತ್ತೀಯಾ', 'ಕೇಳಿ ತಿಳಿಯುತ್ತೀಯಾ', 'ನೋಡದೆ ಹಂಚುತ್ತೀಯಾ' ಈ ಮೂರರಲ್ಲೂ ಎರಡೆರಡು ಕ್ರಿಯೆಗಳಿವೆ. ಕ್ರಿಯೆಗಳಂತೆಯೇ ವಸ್ತುಗಳನ್ನೂ ಎಣಿಸಬೇಕು, 'ಪತ್ರಿಕೆಯನ್ನೂ ಟಿ.ವಿ.ಯನ್ನೂ ನಂಬುತ್ತೀಯಾ?' ಎಂಬಲ್ಲಿ ಆ ಎರಡು 'ಊ'ಕಾರಗಳೇ ಜೋಡಿಯನ್ನು ಕಟ್ಟುವ ಹಗ್ಗ.

ಉಳಿದದ್ದು 'ನೀವು' ಎಂಬ ಪದ. ಇದರಲ್ಲಿ ದೋಷವಿರಬಹುದೆಂದು ಮೊದಲು ಯಾರಿಗೂ ತೋಚದು. ಆದರೆ ಕನ್ನಡದಲ್ಲಿ 'ನೀವು' ಗೌರವಕ್ಕೂ ಹೌದು, ಬಹುವಚನಕ್ಕೂ ಹೌದು. ಶಾಲೆಯಲ್ಲಿ ಮೇಷ್ಟರು 'ನೀವು' ಎಂದರೆ ಇಡೀ ತರಗತಿ. ಊರಿನಲ್ಲಿ ಯಾರಾದರೂ ಮಗುವನ್ನು 'ನೀವು ಹೊಗೆಸೊಪ್ಪು ಹಾಕಿದ್ದೀರಾ?' ಎಂದರೆ ಅದು ಮನೆಯನ್ನು ಕುರಿತ ಪ್ರಶ್ನೆ. 'ನೀವು ದಿನಪತ್ರಿಕೆ ಓದುತ್ತೀರಾ?' ಎಂದಾಗ, ತಾನು ಓದದಿದ್ದರೂ ದೊಡ್ಡಪ್ಪ ಓದುವುದನ್ನು ನೆನೆದು ಮಗು 'ಹೌದು' ಎನ್ನಬಹುದು. ಆದಕಾರಣ ಮಗುವಿನ ಸ್ವಂತ ನಡತೆಯನ್ನು ಕೇಳುವಲ್ಲಿ 'ನೀನು' ಎಂದೂ, ಮನೆಯ ವಿಷಯವನ್ನು ಕೇಳುವಲ್ಲಿ 'ನಿಮ್ಮ ಮನೆಯಲ್ಲಿ' ಎಂದೂ ಬೇರೆ ಮಾಡಿ ಬರೆಯುವುದು ಕ್ಷೇಮ. ಹಿರಿಯರು ಮಕ್ಕಳನ್ನು ನೀನು ಎನ್ನುವುದು ನಮ್ಮ ಕಡೆ ಅಗೌರವವೂ ಅಲ್ಲ.

ಈಗ ಆ ಒಂದು ವಾಕ್ಯವನ್ನು ಬಿಡಿಸಿ ಮತ್ತೆ ಕಟ್ಟೋಣ. ಒಂದು ಪ್ರಶ್ನೆಗೆ ಒಂದೇ ಕ್ರಿಯೆ, ಒಂದೇ ವಸ್ತು, ಒಂದೇ ಕಾಲ ಎಂಬ ಕಟ್ಟುಪಾಡನ್ನು ಹಾಕಿಕೊಂಡರೆ ಅದು ಹೀಗೆ ನಾಲ್ಕಾಗುತ್ತದೆ:

1. ನಿನ್ನೆ ನೀನು ಯಾರ ಫೋನಿನಲ್ಲಾದರೂ ವಾಟ್ಸಾಪ್ ನೋಡಿದೆಯಾ? ನೋಡಿದೆ / ನೋಡಲಿಲ್ಲ. (ನೋಡಲಿಲ್ಲ ಎಂದಾದರೆ 5ನೆಯ ಪ್ರಶ್ನೆಗೆ ಹೋಗು.)

2. ಅದರಲ್ಲಿ ಫಾರ್ವರ್ಡ್ ಆಗಿ ಬಂದ ಸಂದೇಶ ಕಂಡಿತೆ? ಕಂಡಿತು / ಕಾಣಲಿಲ್ಲ / ನೆನಪಿಲ್ಲ. (ಕಂಡಿತು ಎಂದಾದರೆ ಮಾತ್ರ 3 ಮತ್ತು 4ನೆಯ ಪ್ರಶ್ನೆಗಳಿಗೆ ಉತ್ತರ ಬರೆ.)

3. ಅಂಥ ಸಂದೇಶಗಳಲ್ಲಿ ಕೊನೆಯದಾಗಿ ಕಂಡದ್ದನ್ನು ನೆನಪಿಸಿಕೋ. ಅದನ್ನು ನೀನು ಯಾರಿಗಾದರೂ ಕಳುಹಿಸಿದೆಯಾ? ಕಳುಹಿಸಿದೆ / ಕಳುಹಿಸಲಿಲ್ಲ.

4. ಅದೇ ಸಂದೇಶದ ವಿಷಯದಲ್ಲಿ ಇವುಗಳಲ್ಲಿ ಏನೇನು ಮಾಡಿದೆ? ಮಾಡಿದ್ದಕ್ಕೆಲ್ಲ ಗುರುತು ಹಾಕು. (ಅ) ಓದಿ ಬಿಟ್ಟೆ. (ಆ) ಮನೆಯವರನ್ನು ಕೇಳಿದೆ. (ಇ) ಮೇಷ್ಟರನ್ನು ಕೇಳಿದೆ. (ಈ) ಪತ್ರಿಕೆಯಲ್ಲಿ ಹುಡುಕಿದೆ. (ಉ) ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. (ಊ) ಬೇರೆ ಏನಾದರೂ: ______

ಇಲ್ಲಿನ ಒಂದೆರಡು ಅಂಶಗಳನ್ನು ವಿವರಿಸಬೇಕು. 'ಯಾರ ಫೋನಿನಲ್ಲಾದರೂ' ಎಂದದ್ದು, ಫೋನು ಮಗುವಿನದೇ ಎಂದು ಮೊದಲೇ ಊಹಿಸಬಾರದೆಂಬ ಕಾರಣಕ್ಕೆ. 'ನಿನ್ನೆ' ಎಂದದ್ದು, 'ಆಗಾಗ', 'ಹೆಚ್ಚಾಗಿ' ಎಂಬ ಪದಗಳ ಅಳತೆ ಒಬ್ಬೊಬ್ಬರಿಗೆ ಒಂದೊಂದಾದ್ದರಿಂದ. ನಿನ್ನೆಯ ನೆನಪು ಮಾಸಿರುವುದಿಲ್ಲ. ಆದರೆ ಸೋಮವಾರ ಕೇಳಿದರೆ ನಿನ್ನೆ ಭಾನುವಾರವಾಗಿರುತ್ತದೆ, ಆ ದಿನ ಮನೆಯಲ್ಲಿರುವ ಹೊತ್ತು ಹೆಚ್ಚು. ಆದ್ದರಿಂದ ವಾರದ ಬೇರೆ ಬೇರೆ ದಿನ ಬೇರೆ ಬೇರೆ ತರಗತಿಗಳನ್ನು ಕೇಳಬೇಕು. ಕಳುಹಿಸಿದ್ದನ್ನು ಮೊದಲು, ವಿಚಾರಿಸಿದ್ದನ್ನು ಆಮೇಲೆ ಕೇಳಿರುವುದಕ್ಕೂ ಕಾರಣವುಂಟು. 'ವಿಚಾರಿಸಿದೆಯಾ?' ಎಂದು ಮೊದಲು ಕೇಳಿದರೆ ಮಗುವಿಗೆ ಸರಿಯಾದ ದಾರಿ ಯಾವುದೆಂಬ ಸುಳಿವು ಸಿಕ್ಕಿ, ವಿಚಾರಿಸದೆ ಕಳುಹಿಸಿದ್ದನ್ನು ಆಮೇಲೆ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಒಂದೊಂದು ಪ್ರಶ್ನೆಯೂ ನಿರ್ದೋಷವಾಗಿದ್ದು, ಅವುಗಳ ಕ್ರಮವೇ ಉತ್ತರವನ್ನು ಸೂಚಿಸಬಹುದು. ನಾಲ್ಕನೆಯದರಲ್ಲಿ 'ಓದಿ ಬಿಟ್ಟೆ' ಎಂಬುದನ್ನು ಎಲ್ಲಕ್ಕಿಂತ ಮೇಲೆ ಇಟ್ಟಿರುವುದೂ ಅದು ನಾಚಿಕೆಯ ಉತ್ತರವೆಂದು ತೋರಬಾರದೆಂದೇ. ಅಲ್ಲಿ ಎರಡು ಕ್ರಿಯೆಗಳಿವೆಯಲ್ಲಾ ಎಂದು ಯಾರಾದರೂ ಕೇಳಬಹುದು. ಅದು ನುಡಿಗಟ್ಟು, 'ಬೇರೇನೂ ಮಾಡಲಿಲ್ಲ' ಎಂಬುದೇ ಅದರ ಅರ್ಥ, ಮಕ್ಕಳು ಎರಡಾಗಿ ಒಡೆದು ಓದುವುದಿಲ್ಲ.

ದೋಷಗಳಲ್ಲಿ ಇನ್ನೊಂದನ್ನು ಹೇಳಲೇಬೇಕು. ಅದು ನಿಷೇಧದ ವಿಷಯ. 'ನೀನು ಸಂದೇಶವನ್ನು ವಿಚಾರಿಸುವುದಿಲ್ಲವೇ?' ಎಂದು ಕೇಳಿ 'ಹೌದು / ಇಲ್ಲ' ಎಂದು ಆಯ್ಕೆ ಕೊಟ್ಟರೆ ಕನ್ನಡದ ಮಗುವಿನ ಪಾಡೇನು? 'ಹೌದು, ವಿಚಾರಿಸುವುದಿಲ್ಲ' ಎನ್ನಬಹುದು. 'ಇಲ್ಲ, ವಿಚಾರಿಸುವುದಿಲ್ಲ' ಎಂದೂ ಎನ್ನಬಹುದು. ಎರಡು ಗುರುತಿಗೂ ಅರ್ಥ ಒಂದೇ ಆಗಿಬಿಡುತ್ತದೆ. ಇಂಗ್ಲಿಷಿನಲ್ಲಿಯೂ ನಿಷೇಧ ಜೋಡಿಯಾದರೆ ದೊಡ್ಡವರೇ ದಾರಿ ತಪ್ಪುತ್ತಾರೆ. 1992ರಲ್ಲಿ ಅಮೆರಿಕದ ರೋಪರ್ ಸಂಸ್ಥೆಯ ಸಮೀಕ್ಷೆಯೊಂದು, ನಾಜಿಗಳಿಂದ ಯೆಹೂದ್ಯರ ಸಂಹಾರ 'ನಡೆಯಲೇ ಇಲ್ಲ' ಎನ್ನುವುದು ನಿಮಗೆ 'ಸಾಧ್ಯವೆಂದು ತೋರುತ್ತದೆಯೋ, ಅಸಾಧ್ಯವೆಂದು ತೋರುತ್ತದೆಯೋ' ಎಂದು ಕೇಳಿತು. ನೂರಕ್ಕೆ 22 ಜನ 'ಸಾಧ್ಯ' ಎಂದರು; ದೇಶವೇ ಗಾಬರಿಯಾಯಿತು. 1994ರಲ್ಲಿ ಅದೇ ಪ್ರಶ್ನೆಯನ್ನು ನೇರವಾದ ವಾಕ್ಯದಲ್ಲಿ ಕೇಳಿದಾಗ ನಡೆದಿಲ್ಲವೆನ್ನುವುದು ಸಾಧ್ಯವೆಂದವರು ನೂರಕ್ಕೆ ಒಬ್ಬರು ಮಾತ್ರ. ತಪ್ಪಿದ್ದು ಜನರ ತಿಳಿವಳಿಕೆಯಲ್ಲ, ವಾಕ್ಯ. ಆದ್ದರಿಂದಲೇ ಮೇಲಿನ ನಾಲ್ಕು ಪ್ರಶ್ನೆಗಳಲ್ಲಿ ಹೌದು, ಇಲ್ಲ ಎಂಬ ಬರಿಯ ಪದಗಳನ್ನು ಬಿಟ್ಟು 'ನೋಡಿದೆ / ನೋಡಲಿಲ್ಲ' ಎಂದು ಕ್ರಿಯಾಪದವನ್ನೇ ಉತ್ತರವಾಗಿ ಇಟ್ಟಿದ್ದೇನೆ.

ಇಷ್ಟೆಲ್ಲ ಮಾಡಿದರೂ ನಮಗೆ ದೊರೆಯುವುದು ಮಗು ತನ್ನ ಬಗ್ಗೆ ಹೇಳಿಕೊಂಡ ಮಾತು. 'ಜಾಹೀರಾತಿಗೂ ಸುದ್ದಿಗೂ ಇರುವ ವ್ಯತ್ಯಾಸ ನಿನಗೆ ಗೊತ್ತೆ?' ಎಂದರೆ ಗೊತ್ತಿಲ್ಲವೆನ್ನುವ ಮಗು ಅಪರೂಪ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ತಂಡವೊಂದು ಈ ರೀತಿ ಕೇಳುವುದನ್ನು ಬಿಟ್ಟು, ಮಕ್ಕಳ ಮುಂದೆ ಒಂದು ಸುದ್ದಿತಾಣದ ಮುಖಪುಟವನ್ನೇ ಇಟ್ಟು ಇದರಲ್ಲಿ ಯಾವುದು ಏನೆಂದು ಗುರುತಿಸಿ ಎಂದಿತು. 2016ರಲ್ಲಿ ಹೊರಬಂದ ಅವರ ವರದಿಯಂತೆ, ಮಾಧ್ಯಮಿಕ ಶಾಲೆಯ ಮಕ್ಕಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ 'ಪ್ರಾಯೋಜಿತ' ಎಂದು ಅಚ್ಚಾಗಿದ್ದ ಜಾಹೀರಾತನ್ನು ಸುದ್ದಿಯೆಂದೇ ತಿಳಿದರು. ಕೇಳಿ ತಿಳಿಯುವುದಕ್ಕೂ ಮಾಡಿಸಿ ನೋಡುವುದಕ್ಕೂ ಇಷ್ಟು ದೂರವಿದೆ. ಆದಕಾರಣ ನನ್ನ ಪ್ರಶ್ನಾವಳಿಯ ಎರಡನೆಯ ಭಾಗದಲ್ಲಿ ಪ್ರಶ್ನೆಗಳಿಗೆ ಬದಲಾಗಿ ಎಂಟು ತುಣುಕುಗಳನ್ನು ಇಟ್ಟೆ. ನಾಲ್ಕರಲ್ಲಿ ಹೇಳಿದವರು ಯಾರು, ಯಾವ ದಿನ, ಎಲ್ಲಿ ವಿಚಾರಿಸಬಹುದು ಎಂಬುದು ಇದೆ: ಪತ್ರಿಕೆಯ ತುಣುಕು, ಶಾಲೆಯ ಸೂಚನಾಫಲಕದ ಚಿತ್ರ ಇತ್ಯಾದಿ. ಉಳಿದ ನಾಲ್ಕರಲ್ಲಿ ಇವಾವುವೂ ಇಲ್ಲ. ಅಂಥದೊಂದರ ಮಾದರಿ ಇದು. ಇದನ್ನು ಅಭ್ಯಾಸಕ್ಕೆಂದೇ ರಚಿಸಿದೆ: 'ನಾಳೆಯಿಂದ ಹರಾಜು ಒಂದು ತಿಂಗಳು ಬಂದ್. ಎಲ್ಲಾ ರೈತರಿಗೂ ತಲುಪಿಸಿ.'

ಪ್ರತಿ ತುಣುಕಿನ ಕೆಳಗೂ ಒಂದೇ ಪ್ರಶ್ನೆ: 'ಇದನ್ನು ಈಗಲೇ ಮನೆಯವರಿಗೆ ಹೇಳಬಹುದೆ, ಮೊದಲು ವಿಚಾರಿಸಬೇಕೆ?' ಎರಡು ಕಡೆಯನ್ನೂ ಸಮವಾಗಿ ಹೇಳಿರುವುದರಿಂದ ಪ್ರಶ್ನೆ ಒಂದು ಕಡೆ ವಾಲುವುದಿಲ್ಲ. ಆದರೂ ಜಾಣ ಮಗುವಿಗೆ 'ವಿಚಾರಿಸಬೇಕು' ಎಂಬುದೇ ಒಳ್ಳೆಯ ಉತ್ತರವೆಂದು ತೋರಬಹುದಲ್ಲವೇ ಎಂಬ ಸಂದೇಹ ಬರುತ್ತದೆ. ಆ ಸಂದೇಹಕ್ಕೆ ಉತ್ತರವೇ ಮೊದಲಿನ ನಾಲ್ಕು ತುಣುಕುಗಳು. ಎಂಟಕ್ಕೂ 'ವಿಚಾರಿಸಬೇಕು' ಎಂದ ಮಗುವಿಗೆ ಒಂದು ಅಂಕಣದಲ್ಲಿ 4ಕ್ಕೆ 4, ಇನ್ನೊಂದರಲ್ಲಿ 4ಕ್ಕೆ 0. ಎಂಟನ್ನೂ ನಂಬಿದ ಮಗುವಿಗೆ ಇದರ ತಿರುಗುಮುರುಗು. ಎರಡನ್ನೂ ಕೂಡಿಸಿದರೆ ಇಬ್ಬರಿಗೂ 4. ಕಣ್ಣು ಮುಚ್ಚಿ ಗುರುತು ಹಾಕಿದವನಿಗೂ ಸರಾಸರಿ 4. ಆದ್ದರಿಂದ ಕೂಡಿಸದೆ ಎರಡು ಅಂಕಗಳನ್ನೂ ಬೇರೆಯಾಗಿಯೇ ಬರೆದಿಡಬೇಕು. ಎಲ್ಲವನ್ನೂ ನಂಬುವುದು ಹೇಗೆ ವಿವೇಚನೆಯಲ್ಲವೋ ಹಾಗೆಯೇ ಯಾವುದನ್ನೂ ನಂಬದಿರುವುದೂ ವಿವೇಚನೆಯಲ್ಲ. ಎರಡನ್ನೂ ಬೇರ್ಪಡಿಸಿ ತೋರಿಸುವುದು ಅಳತೆಗೋಲಿನ ಕೆಲಸ.

ಇದೇ ಭಾಗದಲ್ಲಿ ತಿಳಿವಳಿಕೆಯ ಪ್ರಶ್ನೆಯೊಂದೂ ಇದೆ. ಬಹಳ ಕೈ ದಾಟಿ ಬಂದ ಸಂದೇಶದ ಮೇಲೆ ವಾಟ್ಸಾಪ್ ಎರಡು ಬಾಣಗಳ ಗುರುತನ್ನು ತೋರಿಸುತ್ತದೆ. ಕಳುಹಿಸಿದಾತನೇ ಅದನ್ನು ಬರೆದವನಲ್ಲ, ಕನಿಷ್ಠ ಐದು ಕೈ ದಾಟಿದೆ ಎಂಬುದಷ್ಟೇ ಅದರ ಅರ್ಥ. ವಿಷಯ ಸುಳ್ಳೆಂದಾಗಲಿ ನಿಜವೆಂದಾಗಲಿ ಅದು ಹೇಳುವುದಿಲ್ಲ. 'ಎರಡು ಬಾಣದ ಗುರುತು ಎಚ್ಚರಿಕೆಯ ಗುರುತೆಂದು ನಿನಗೆ ಗೊತ್ತೆ?' ಎಂದು ಕೇಳಿದರೆ ಪಾಠ ಹೇಳಿದಂತಾಯಿತು. 'ಈ ಗುರುತು ಏನನ್ನು ತಿಳಿಸುತ್ತದೆ?' ಎಂದು ಕೇಳಿ, ಕಳುಹಿಸಿದವರು ಪರಿಶೀಲಿಸಿದ್ದಾರೆ, ಬಹಳ ಕೈ ದಾಟಿ ಬಂದಿದೆ, ಸುದ್ದಿ ಸುಳ್ಳು, ಗೊತ್ತಿಲ್ಲ ಎಂಬ ನಾಲ್ಕು ಉತ್ತರಗಳನ್ನು ಕೊಟ್ಟರೆ ಮಗುವಿಗೆ ತಿಳಿದಿರುವುದು ಹೊರಬರುತ್ತದೆ. 'ಗೊತ್ತಿಲ್ಲ' ಎಂಬ ಉತ್ತರಕ್ಕೆ ಜಾಗವಿಲ್ಲದಿದ್ದರೆ ಮಗು ಊಹೆ ಮಾಡುತ್ತದೆ, ನಾವು ಊಹೆಯನ್ನು ತಿಳಿವಳಿಕೆಯೆಂದು ಎಣಿಸುತ್ತೇವೆ.

ವಾಕ್ಯವನ್ನು ಎಷ್ಟು ತಿದ್ದಿದರೂ ಮಕ್ಕಳ ಕಿವಿಗೆ ಅದು ಹೇಗೆ ಕೇಳಿಸುತ್ತದೆಂಬುದನ್ನು ಮೇಜಿನ ಮುಂದೆ ಕುಳಿತು ಅರಿಯಲಾಗದು. ಅದಕ್ಕಾಗಿ ಪೂರ್ವಪರೀಕ್ಷೆ ಬೇಕು. ಉತ್ತರ ಬರೆಸುವುದಷ್ಟೇ ಪೂರ್ವಪರೀಕ್ಷೆಯಲ್ಲ. ಪ್ರಶ್ನೆಯನ್ನು ಓದಿ 'ಇದರಲ್ಲಿ ಏನು ಕೇಳಿದೆ, ನಿನ್ನ ಮಾತಿನಲ್ಲಿ ಹೇಳು' ಎಂದು ಒಂದೊಂದು ಮಗುವನ್ನೂ ಪ್ರತ್ಯೇಕವಾಗಿ ಕೇಳಬೇಕು. ಈ ರೀತಿ ನಮ್ಮ ಬೀದಿಯ ಕೆಲವು ಮಕ್ಕಳನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಕೇಳಿದೆ. 'ನೀನು ಯಾವ ಮಾಧ್ಯಮವನ್ನು ಹೆಚ್ಚು ನಂಬುತ್ತೀಯೆ?' ಎಂಬುದನ್ನು ಓದಿದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತಡಮಾಡದೆ 'ಕನ್ನಡ ಮಾಧ್ಯಮ, ಅಕ್ಕಾ' ಎಂದಳು. ಅವಳ ಉತ್ತರದಲ್ಲಿ ತಪ್ಪಿಲ್ಲ. ನಮ್ಮ ರಾಜ್ಯದ ಶಾಲಾಮಕ್ಕಳಿಗೆ ಮಾಧ್ಯಮವೆಂದರೆ ಕನ್ನಡ ಮಾಧ್ಯಮ, ಇಂಗ್ಲಿಷ್ ಮಾಧ್ಯಮ, ಪತ್ರಿಕೆ ರೇಡಿಯೋಗಳಲ್ಲ. 'ಪೇಪರ್' ಎಂದರೆ ಕೆಲವರಿಗೆ ದಿನಪತ್ರಿಕೆ, ಪರೀಕ್ಷೆಯ ತಿಂಗಳಲ್ಲಿ ಪ್ರಶ್ನೆಪತ್ರಿಕೆ. ಆದ್ದರಿಂದ ಪ್ರಶ್ನಾವಳಿಯ ಹೆಸರಿನಲ್ಲಿ ಬಿಟ್ಟರೆ ಒಳಗೆಲ್ಲೂ 'ಮಾಧ್ಯಮ' ಎಂಬ ಪದ ಬರದಂತೆ ನೋಡಿಕೊಂಡು, ದಿನಪತ್ರಿಕೆ, ಟಿ.ವಿ., ವಾಟ್ಸಾಪ್ ಎಂದು ಬಿಡಿಬಿಡಿಯಾಗಿಯೇ ಬರೆಯಲಾಗಿದೆ.

ವಾಕ್ಯ ಎರಡು ಬಗೆಯಲ್ಲಿ ಬರೆಯಬಹುದೆಂದಾದಾಗ ಯಾವುದು ವಾಲುತ್ತದೆಂದು ತಿಳಿಯಲು ರಗ್ ಮಾಡಿದಂತೆ ಎರಡು ನಮೂನೆಗಳನ್ನು ಹಂಚಬಹುದು: ಹಾಜರಿ ಸಂಖ್ಯೆ ಬೆಸವಾದವರಿಗೆ ಒಂದು, ಸರಿಯಾದವರಿಗೆ ಇನ್ನೊಂದು. ಆದರೆ ಇದಕ್ಕೆ ಮಿತಿಯುಂಟು. ತರಗತಿಯಲ್ಲಿ 40 ಮಕ್ಕಳಿದ್ದರೆ ಒಂದೊಂದು ನಮೂನೆಗೆ 20 ಮಂದಿ. ಒಬ್ಬೊಬ್ಬರೂ ನೂರಕ್ಕೆ ಐದರಷ್ಟು ತೂಗುತ್ತಾರೆ. ಒಂದರಲ್ಲಿ 12 ಮಂದಿ, ಇನ್ನೊಂದರಲ್ಲಿ 9 ಮಂದಿ 'ಕಳುಹಿಸಿದೆ' ಎಂದರೆ ನೂರಕ್ಕೆ 60, 45 ಎಂದು ಬರೆದಾಗ ದೊಡ್ಡದಾಗಿ ಕಾಣುವ ಆ ಅಂತರ ಬರಿಯ ಮೂರು ಮಕ್ಕಳದು, ಆಕಸ್ಮಿಕವಾಗಿಯೂ ಬರಬಹುದಾದದ್ದು. ಇಷ್ಟು ಚಿಕ್ಕ ಗುಂಪಿನಲ್ಲಿ ಆರೇಳು ಮಕ್ಕಳಿಗಿಂತ ಕಡಮೆ ಅಂತರದ ಮೇಲೆ ಯಾವ ತೀರ್ಮಾನವನ್ನೂ ಕಟ್ಟಬಾರದು.

ಪ್ರಶ್ನಾವಳಿಯನ್ನು ಹಂಚುವ ರೀತಿಯಲ್ಲೂ ಸೂಚನೆ ನುಸುಳಬಲ್ಲದು. ಮುಖ್ಯೋಪಾಧ್ಯಾಯರ ಅನುಮತಿಯನ್ನೂ ತಂದೆತಾಯಿಗಳ ಒಪ್ಪಿಗೆಯನ್ನೂ ಪಡೆದಮೇಲೆ, ಇದು ಪರೀಕ್ಷೆಯಲ್ಲ, ಅಂಕಪಟ್ಟಿಗೆ ಸೇರದು, ಹೆಸರು ಬರೆಯಬೇಕಾಗಿಲ್ಲ, ಬೇಡವೆನಿಸಿದರೆ ಬಿಡಬಹುದು ಎಂಬುದನ್ನು ಮೊದಲೇ ಹೇಳಬೇಕು. ಮೇಷ್ಟರು ಸಾಲುಗಳ ನಡುವೆ ಓಡಾಡದಿದ್ದರೆ ಒಳ್ಳೆಯದು. ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಾಡಂಚಿನ ಹಾಡಿಗಳಿಂದ ಬರುವ ಜೇನುಕುರುಬರ ಮಕ್ಕಳ ಮನೆಮಾತು ಶಾಲೆಯ ಪುಸ್ತಕದ ಕನ್ನಡವಲ್ಲ; ಅಂಥವರಿಗೆ ಪ್ರಶ್ನೆಯನ್ನು ನಿಧಾನವಾಗಿ ಗಟ್ಟಿಯಾಗಿ ಓದಿ ಹೇಳಬೇಕು. ಇಲ್ಲದಿದ್ದರೆ ಓದಿನ ವೇಗವನ್ನೇ ವಿವೇಚನೆಯೆಂದು ಅಳೆದಂತಾಗುತ್ತದೆ. ಓದಿ ಹೇಳುವವರು 'ಅಲ್ವಾ' ಎಂಬುದನ್ನು ಬಾಯಲ್ಲಿ ಸೇರಿಸಿಬಿಟ್ಟರೆ ಕಾಗದದಿಂದ ತೆಗೆದುಹಾಕಿದ ದೋಷ ಮತ್ತೆ ಒಳಗೆ ಬಂದಂತೆ. ಅಚ್ಚಾದ ವಾಕ್ಯವನ್ನು ಇದ್ದಂತೆಯೇ ಓದಬೇಕೆಂದು ಅವರಿಗೆ ಮೊದಲೇ ತಿಳಿಸಿರಬೇಕು.

ಕಡೆಯದಾಗಿ, ರಚಿಸಿದ ತುಣುಕುಗಳ ಜವಾಬ್ದಾರಿ ನಮ್ಮದು. 'ಹರಾಜು ಬಂದ್' ಎಂಬ ಸಾಲನ್ನು ಸಂಜೆ ಒಂದು ಮಗು ಮನೆಯಲ್ಲಿ ಹೇಳಿ, ರೈತನೊಬ್ಬ ಬೇಲುಗಳನ್ನು ಗಾಡಿಗೆ ಏರಿಸದೆ ಉಳಿದರೆ ಸುಳ್ಳು ಸುದ್ದಿಯನ್ನು ಹಂಚಿದವರು ನಾವೇ ಆಗುತ್ತೇವೆ. ಆದ್ದರಿಂದ ಕಾಗದಗಳೆಲ್ಲವನ್ನೂ ಎಣಿಸಿ ಕೊಟ್ಟು, ಎಣಿಸಿ ಹಿಂದಕ್ಕೆ ಪಡೆಯಬೇಕು. ಕೊನೆಯ ಹತ್ತು ನಿಮಿಷವನ್ನು ಮೀಸಲಿಟ್ಟು, ಯಾವ ತುಣುಕು ನಿಜವಾದದ್ದು, ಯಾವುದು ಅಭ್ಯಾಸಕ್ಕಾಗಿ ಬರೆದದ್ದು ಎಂಬುದನ್ನು ಮಕ್ಕಳೆದುರು ಒಂದೊಂದಾಗಿ ಓದಿ ತಿಳಿಸಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಬರಬೇಕು. ಅಲ್ಲಿಗೆ ಪ್ರಶ್ನಾವಳಿಯ ಕೆಲಸ ಮುಗಿದಂತೆ. ಅಂಕಗಳನ್ನು ಎಣಿಸುವ ಕೆಲಸ ಆಮೇಲಿನದು.